ಚಂಡಿಯಾದ ಬೀಜ, ಎರಡು ಪಾಲಿಸಿ

2016ರ ಮಳೆಗಾಲದ ಆರಂಭದಲ್ಲಿ ನಾನು ಕೆಲಸ ಮಾಡುತ್ತಿದ್ದ ಮಂಗಳೂರಿನ ಗೇರುಬೀಜದ ಕಾರ್ಖಾನೆಗೆ ಒಂದೇ ವಾರದಲ್ಲಿ ಎರಡು ಕಂಟೇನರುಗಳು ಒದ್ದೆ ಬೀಜ ಹೊತ್ತುಕೊಂಡು ಬಂದವು. ಒಂದು ಬೆನಿನ್ ದೇಶದ ಕೊಟೊನೊ ಬಂದರಿನಿಂದ ಹೊರಟದ್ದು, ಇನ್ನೊಂದು ಐವರಿ ಕೋಸ್ಟಿನ ಅಬಿಜಾನ್‌ನಿಂದ. ಎರಡರಲ್ಲೂ ಎಂಬತ್ತು ಕಿಲೋದ ಗೋಣಿಚೀಲಗಳು, ಎರಡಕ್ಕೂ ವಿಮೆ ಇತ್ತು, ಎರಡರೊಳಗೂ ನುಗ್ಗಿದ್ದು ಮಳೆನೀರು. ಮೊದಲನೆಯದಕ್ಕೆ ವಿಮಾ ಕಂಪನಿ ಹಣ ಕೊಟ್ಟಿತು. ಎರಡನೆಯದಕ್ಕೆ ಕೊಡಲಿಲ್ಲ, ಮತ್ತು ಕೊಡದೇ ಇದ್ದದ್ದರಲ್ಲಿ ಅದರ ತಪ್ಪೇನೂ ಇರಲಿಲ್ಲ. ಆಮದು ವಿಭಾಗದ ಕಡತಗಳನ್ನು ನೋಡಿಕೊಳ್ಳುತ್ತಿದ್ದವನು ನಾನೇ ಆದ್ದರಿಂದ ಎರಡು ಪಾಲಿಸಿಗಳ ಸಣ್ಣ ಅಕ್ಷರದ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಬೇಕಾಯಿತು. ಹಡಗಿನ ಸರಕಿನ ವಿಮೆಯ ಬಗ್ಗೆ ನನಗೆ ತಿಳಿದಿರುವುದರಲ್ಲಿ ಹೆಚ್ಚಿನದು ಆ ಎರಡು ಕಡತಗಳಿಂದ ಬಂದದ್ದು.

ಪಶ್ಚಿಮ ಆಫ್ರಿಕಾದಲ್ಲಿ ಗೇರುಬೀಜದ ಕೊಯ್ಲು ನಮ್ಮ ಬೇಸಿಗೆಯ ಹೊತ್ತಿಗೇ ನಡೆಯುತ್ತದೆ. ಅಲ್ಲಿ ಒಣಗಿಸಿ, ಚೀಲ ತುಂಬಿ, ಕಂಟೇನರಿಗೆ ಹಾಕಿ, ನಡುವೆ ಕೊಲಂಬೊದಂಥ ಬಂದರಿನಲ್ಲಿ ಹಡಗು ಬದಲಾಯಿಸಿ ಮಂಗಳೂರಿನ ಪಣಂಬೂರು ಬಂದರಿಗೆ ತಲುಪುವ ಹೊತ್ತಿಗೆ ಕರಾವಳಿಯಲ್ಲಿ ಮಳೆ ಹಿಡಿದಿರುತ್ತದೆ. ಕಂಟೇನರ್ ಎಂದರೆ ಗಾಳಿನೀರು ಹೋಗದ ಪೆಟ್ಟಿಗೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಆದರೆ ಅದು ವರ್ಷಾನುಗಟ್ಟಲೆ ಕ್ರೇನುಗಳ ಕೈಯಲ್ಲಿ ಏರಿ ಇಳಿದು, ಒಂದರ ಮೇಲೊಂದು ಕೂತು, ಉಪ್ಪುಗಾಳಿ ತಿಂದ ತಗಡು. ಅದರ ಚಾವಣಿಯಲ್ಲಿ ಕಡಲೆಕಾಳಿನಷ್ಟು ತೂತು ಬಿದ್ದಿದ್ದರೂ ತೆರೆದ ಯಾರ್ಡಿನಲ್ಲಿ ನಾಲ್ಕು ದಿನ ಮಳೆಗೆ ನಿಂತರೆ ಸಾಕು.

ಕೊಟೊನೊದ ಕಂಟೇನರನ್ನು ಬೈಕಂಪಾಡಿಯ ನಮ್ಮ ಗೋದಾಮಿನ ಮುಂದೆ ನಿಲ್ಲಿಸಿ ಬಾಗಿಲು ತೆರೆದಾಗ ಮೊದಲು ಬಂದದ್ದು ಮುಗ್ಗಲು ವಾಸನೆ. ಒಳಗೆ ಹತ್ತಿದ ಮೇಸ್ತ್ರಿ ಎರಡನೇ ಸಾಲಿನ ಚೀಲಕ್ಕೆ ಕೈ ಒತ್ತಿ ನೋಡಿ, "ಸಾರ್, ಬೀಜ ಚಂಡಿ ಉಂಟು. ಇಳಿಸುದಾ ಬೇಡ್ವಾ?" ಅಂದ. ನಮ್ಮ ದಣಿಗಳು ಹಳೆಯ ಕಾಲದವರು. "ಮೊದಲು ಇಳಿಸಿ ಒಣಗಿಸಿ ಮಾರಾಯ್ರೆ, ಕಾಗದ ಆಮೇಲೆ ನೋಡುವ" ಎಂದು ಅವರಿಗೆ ಅವಸರ. ಸರಕು ಉಳಿಯಬೇಕೆಂಬ ಅವರ ಕಾಳಜಿ ಸರಿಯಾದದ್ದೇ. ಆದರೆ ವಿಮೆಯಲ್ಲಿ ಎಷ್ಟು ಹಾಳಾಯಿತು ಎನ್ನುವುದಕ್ಕಿಂತ ಮೊದಲು ಬರುವ ಪ್ರಶ್ನೆ ಹೇಗೆ ಹಾಳಾಯಿತು ಎನ್ನುವುದು. ಅದಕ್ಕೆ ಉತ್ತರ ಇರುವುದು ಚೀಲಗಳು ಇದ್ದ ಜಾಗದಲ್ಲಿ. ಇಳಿಸಿ ಅಂಗಳದಲ್ಲಿ ಹರಡಿಬಿಟ್ಟರೆ ಒದ್ದೆ ಬೀಜ ಉಳಿಯುತ್ತದೆ, ಒದ್ದೆಯಾದ ಕಥೆ ಅಳಿಸಿಹೋಗುತ್ತದೆ.

ಹಾಗಾಗಿ ಬಾಗಿಲನ್ನು ಮತ್ತೆ ಅರ್ಧ ಮುಚ್ಚಿ ನಾವು ಮಾಡಿದ್ದು ಇಷ್ಟು. ಕತ್ತರಿಸಿದ್ದ ಸೀಲನ್ನು ಎಸೆಯದೆ ತೆಗೆದಿಟ್ಟು, ಅದರ ನಂಬರನ್ನು ಬಿಲ್ ಆಫ್ ಲೇಡಿಂಗ್‌ನಲ್ಲಿರುವ ನಂಬರಿನ ಜೊತೆ ತಾಳೆ ನೋಡಿದೆವು. ಬಾಗಿಲಿಂದ ಕಾಣುವ ಹಾಗೆ ಚೀಲಗಳ ಫೋಟೊ ತೆಗೆದೆವು. ವಿಮಾ ಕಂಪನಿಗೆ ಫೋನ್ ಮಾಡಿ, ಅದರ ಬೆನ್ನಿಗೇ ಮೇಲ್ ಕಳಿಸಿ ಸರ್ವೇಯರನ್ನು ಕಳಿಸುವಂತೆ ಕೇಳಿದೆವು. ಅದೇ ದಿನ ಸಂಜೆಯೊಳಗೆ ಹಡಗು ಕಂಪನಿಯ ಮಂಗಳೂರಿನ ಏಜೆಂಟರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ತಾರೀಕಿನ ಮೊಹರು ಹಾಕಿಸಿಕೊಂಡು ಬಂದೆವು. ಪತ್ರದಲ್ಲಿ ಹೆಚ್ಚೇನೂ ಇರಲಿಲ್ಲ: ಇಂಥ ನಂಬರಿನ ಕಂಟೇನರಿನಲ್ಲಿ ಸರಕು ಒದ್ದೆಯಾಗಿ ಬಂದಿದೆ, ನಷ್ಟಕ್ಕೆ ನಿಮ್ಮನ್ನು ಹೊಣೆ ಮಾಡುತ್ತಿದ್ದೇವೆ, ಜಂಟಿ ಸರ್ವೇಗೆ ನಿಮ್ಮ ಪ್ರತಿನಿಧಿಯನ್ನು ಕಳಿಸಿ.

ಈ ಪತ್ರದ ಅವಸರಕ್ಕೆ ಕಾರಣವಿದೆ. ಬಹುಪಾಲು ಬಿಲ್ ಆಫ್ ಲೇಡಿಂಗ್‌ಗಳ ಹಿಂಬದಿಯಲ್ಲಿ ಹೇಗ್ ನಿಯಮಗಳು ಸೇರಿಕೊಂಡಿರುತ್ತವೆ. ಅವುಗಳ ಪ್ರಕಾರ ಹೊರಗಿನಿಂದ ಕಾಣದ ಹಾನಿಯಾಗಿದ್ದರೆ ಸರಕು ಕೈಸೇರಿದ ಮೂರು ದಿನದೊಳಗೆ ಹಡಗಿನವರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಹಕ್ಕೇನೂ ಸತ್ತುಹೋಗುವುದಿಲ್ಲ. ಆದರೆ ಸರಕು ಸರಿಯಾಗಿಯೇ ತಲುಪಿತ್ತು ಎಂಬ ಊಹೆ ಅವರ ಪರವಾಗಿ ನಿಲ್ಲುತ್ತದೆ, ಅದನ್ನು ಮುರಿಯುವ ಹೊರೆ ನಮ್ಮ ತಲೆಗೆ ಬರುತ್ತದೆ. ದಾವೆ ಹೂಡಲು ಇರುವ ಒಂದು ವರ್ಷದ ಗಡುವು ಮಾತ್ರ ಗಟ್ಟಿಯಾದದ್ದು. ಅದು ದಾಟಿದರೆ ಹಡಗಿನವರ ಹೊಣೆ ಮುಗಿಯಿತು. ವಿಮೆ ಇದೆಯಲ್ಲ, ಹಡಗಿನವರ ಹಿಂದೆ ನಾವೇಕೆ ಬೀಳಬೇಕು ಎಂದು ಕೇಳುವವರನ್ನು ಬಹಳ ನೋಡಿದ್ದೇನೆ. ಕಂಪನಿ ನಮಗೆ ಹಣ ಕೊಟ್ಟಮೇಲೆ ನಮ್ಮ ಜಾಗದಲ್ಲಿ ನಿಂತು ಹಡಗಿನವರಿಂದ ವಸೂಲಿ ಮಾಡುತ್ತದೆ. ಆ ದಾರಿಯನ್ನು ತೆರೆದಿಡುವುದು ವಿಮೆ ಪಡೆದವನ ಕರ್ತವ್ಯ ಎಂದು ಪಾಲಿಸಿಯಲ್ಲೇ ಬರೆದಿದೆ. ಪತ್ರ ಕೊಡದೆ ಆ ದಾರಿಯನ್ನು ಮುಚ್ಚಿದವನ ಕ್ಲೈಮಿನಲ್ಲಿ ಕಡಿತ ಮಾಡಲು ಕಂಪನಿಗೆ ಕಾರಣ ಸಿಕ್ಕಂತಾಗುತ್ತದೆ.

ಮರುದಿನ ಬೆಳಿಗ್ಗೆ ಸರ್ವೇಯರ್ ಬಂದರು. ಹಡಗಿನಲ್ಲಿ ದುಡಿದು ನಿವೃತ್ತರಾದ ಮೇಲೆ ಈ ಕೆಲಸ ಹಿಡಿದವರು, ಮಾತು ಕಡಿಮೆ. ಬಂದವರೇ ಚೀಲಗಳನ್ನು ಮುಟ್ಟಲಿಲ್ಲ. ಬಾಗಿಲ ಬಳಿಯ ಎರಡು ಸಾಲು ತೆಗೆಸಿ ನಿಲ್ಲಲು ಜಾಗ ಮಾಡಿಕೊಂಡು, ನನ್ನನ್ನೂ ಒಳಗೆ ಕರೆದು, ಬಾಗಿಲನ್ನು ಹೊರಗಿನಿಂದ ಮುಚ್ಚಿಸಿದರು. ಕತ್ತಲೆ, ಧಗೆ, ಬೂಷ್ಟಿನ ವಾಸನೆ. "ಮೇಲೆ ನೋಡಿ" ಅಂದರು. ಕಣ್ಣು ಹೊಂದಿಕೊಂಡ ಮೇಲೆ ಚಾವಣಿಯ ಬಲಮೂಲೆಗೆ ಹತ್ತಿರ, ಉದ್ದಕ್ಕೆ ಸೀಳಿದಂಥ ಒಂದು ಬೆಳಕಿನ ಗೆರೆ ಕಾಣಿಸಿತು. ಯಾವುದೋ ಬಂದರಿನಲ್ಲಿ ಮೇಲಿನ ಕಂಟೇನರನ್ನು ಕೂರಿಸುವಾಗ ಅದರ ಮೂಲೆ ತಾಗಿ ತಗಡು ಬಿರಿದಿತ್ತು. ಸೀಳಿನ ಅಂಚಿಗೆ ತುಕ್ಕಿನ್ನೂ ದಪ್ಪವಾಗಿ ಹಿಡಿದಿರಲಿಲ್ಲ. ಅಂದರೆ ಹಳೆಯ ಗಾಯವಲ್ಲ, ಈ ಪ್ರಯಾಣದ್ದೇ ಇರಬೇಕು ಎಂದು ಅವರು ಬರೆದುಕೊಂಡರು.

ಆಮೇಲೆ ಚೀಲಗಳನ್ನು ಸಾಲುಸಾಲಾಗಿ ತೆಗೆಸುತ್ತ ಯಾವ ಚೀಲ ಎಲ್ಲಿತ್ತು, ಎಷ್ಟು ಒದ್ದೆ ಎಂದು ಕಾಗದದ ಮೇಲೆ ನಕ್ಷೆ ಬರೆದರು. ಸೀಳಿನ ನೇರ ಕೆಳಗೆ ಮೇಲಿಂದ ನೆಲದವರೆಗೆ ಚೀಲಗಳು ನೆನೆದಿದ್ದವು, ಅಲ್ಲಿಂದ ದೂರ ಹೋದಂತೆ ತೇವ ಕಡಿಮೆಯಾಗುತ್ತ ಹೋಗಿ ಕಂಟೇನರಿನ ಇನ್ನೊಂದು ತುದಿ ಪೂರ್ತಿ ಒಣಗಿಯೇ ಇತ್ತು. ಈ ನಕ್ಷೆ ಮುಂದೆ ಇಡೀ ಕ್ಲೈಮಿನ ಆಧಾರವಾಯಿತು. ಗೇರುಬೀಜ, ಕಾಫಿ, ಕೋಕೋ ಇವುಗಳಲ್ಲಿ ಒದ್ದೆಗೆ ಇನ್ನೊಂದು ಕಾರಣವೂ ಸಾಮಾನ್ಯ. ಸರಿಯಾಗಿ ಒಣಗದ ಬೀಜವನ್ನು ತುಂಬಿದರೆ ಬಿಸಿಲಿಗೆ ಅದರೊಳಗಿನ ತೇವ ಆವಿಯಾಗಿ ಮೇಲೇರುತ್ತದೆ, ರಾತ್ರಿ ತಣ್ಣಗಾದ ಚಾವಣಿಗೆ ತಾಗಿ ಹನಿಯಾಗಿ ಮತ್ತೆ ಚೀಲದ ಮೇಲೇ ಬೀಳುತ್ತದೆ. ಇದನ್ನು ಕಂಟೇನರಿನ ಬೆವರು ಅನ್ನುತ್ತಾರೆ. ಬೆವರಿನ ಒದ್ದೆ ಒಂದೇ ಮೂಲೆಯಲ್ಲಿ ನಿಲ್ಲುವುದಿಲ್ಲ. ಚಾವಣಿಯ ಉಬ್ಬುತಗ್ಗುಗಳ ಸಾಲಿಗೆ ಸರಿಯಾಗಿ, ಮೇಲಿನ ವರಸೆಯ ಚೀಲಗಳ ಮೇಲೆಲ್ಲ ಹರಡಿಕೊಂಡು, ಕೆಳಗಿನ ಚೀಲಗಳನ್ನು ಹೆಚ್ಚಾಗಿ ಬಿಟ್ಟಿರುತ್ತದೆ. ತೂತಿನ ನೀರು ಒಂದೇ ಕಡೆ ಸುರಿದು ಬುಡದವರೆಗೆ ಇಳಿಯುತ್ತದೆ.

ಕೊನೆಗೆ ಅವರು ಬ್ಯಾಗಿನಿಂದ ಸಣ್ಣ ಕಂದು ಬಾಟಲಿ ತೆಗೆದರು, ಸಿಲ್ವರ್ ನೈಟ್ರೇಟ್ ದ್ರಾವಣ. ಒದ್ದೆ ಗೋಣಿಯ ತುಂಡೊಂದನ್ನು ಶುದ್ಧ ನೀರಿನಲ್ಲಿ ಅದ್ದಿ, ಆ ನೀರಿಗೆ ಎರಡು ಹನಿ ಹಾಕಿದರು. ಸಮುದ್ರದ ನೀರಾಗಿದ್ದರೆ ಅದರಲ್ಲಿರುವ ಉಪ್ಪಿನಂಶಕ್ಕೆ ಕೂಡಲೇ ಹಾಲಿನಂತೆ ಬಿಳಿ ಕದಡು ಕಾಣಿಸಿಕೊಳ್ಳುತ್ತದೆ. ನಮ್ಮದರಲ್ಲಿ ನೀರು ಬಹುತೇಕ ತಿಳಿಯಾಗಿಯೇ ಉಳಿಯಿತು, ಸ್ವಲ್ಪ ಮಬ್ಬು ಮಾತ್ರ. ಒಣ ಚೀಲದ ಗೋಣಿಯನ್ನೂ ಹಾಗೆಯೇ ಪರೀಕ್ಷಿಸಿದರು. ಅದರಲ್ಲೂ ಅಷ್ಟೇ ಮಬ್ಬು. ಕಡಲ ಗಾಳಿಯಲ್ಲಿ ಬಂದ ಗೋಣಿಯಲ್ಲಿ ಅಷ್ಟು ಉಪ್ಪು ಇದ್ದೇ ಇರುತ್ತದೆ, ಹಾಗಾಗಿ ಒಣ ಚೀಲದ ಜೊತೆ ಹೋಲಿಸದೆ ಈ ಪರೀಕ್ಷೆಗೆ ಬೆಲೆಯಿಲ್ಲ ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ತೀರ್ಮಾನ ಸ್ಪಷ್ಟವಾಗಿತ್ತು. ನೀರು ಕಡಲಿನದಲ್ಲ, ಮಳೆಯದು.

ಕಡಲ ನೀರೋ ಮಳೆ ನೀರೋ, ಒದ್ದೆಯಾದ ಬೀಜಕ್ಕೆ ವ್ಯತ್ಯಾಸವಿಲ್ಲ. ಪಾಲಿಸಿಗೆ ಇದೆ.

ಜಗತ್ತಿನ ಹೆಚ್ಚಿನ ಕಡೆ ಹಡಗಿನ ಸರಕಿನ ವಿಮೆಗೆ ಲಂಡನ್ ಮಾರುಕಟ್ಟೆಯಲ್ಲಿ ರೂಪುಗೊಂಡ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎಂಬ ಷರತ್ತುಗಳನ್ನು ಬಳಸುತ್ತಾರೆ. 1982ರಲ್ಲಿ ಬಂದು 2009ರಲ್ಲಿ ಪರಿಷ್ಕರಣೆಯಾದ ಇವುಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಸಿ ಅತಿ ಕಿರಿದು. ಬೆಂಕಿ, ಸ್ಫೋಟ, ಹಡಗು ಮುಳುಗುವುದು ಅಥವಾ ನೆಲಕ್ಕೆ ತಾಗುವುದು, ಡಿಕ್ಕಿ, ಲಾರಿ ಮಗುಚುವುದು, ಹಡಗನ್ನು ಉಳಿಸಲು ಸರಕನ್ನು ಕಡಲಿಗೆ ಎಸೆಯುವುದು, ಹೀಗೆ ಹೆಸರಿಸಿದ ದೊಡ್ಡ ಅವಘಡಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಬಿ ಅದಕ್ಕೆ ಭೂಕಂಪ, ಸಿಡಿಲು, ಅಲೆಗೆ ಸಿಕ್ಕಿ ಸರಕು ಕೊಚ್ಚಿಹೋಗುವುದು, ಏರಿಸುವಾಗ ಇಳಿಸುವಾಗ ಇಡೀ ಮೂಟೆಯೇ ಬಿದ್ದು ಹೋಗುವುದು, ಇವುಗಳ ಜೊತೆ ಕಡಲು, ಸರೋವರ ಅಥವಾ ನದಿಯ ನೀರು ಕಂಟೇನರಿಗೆ ನುಗ್ಗುವುದನ್ನೂ ಸೇರಿಸುತ್ತದೆ. ಆ ಪಟ್ಟಿಯಲ್ಲಿ ಮಳೆಯ ಹೆಸರಿಲ್ಲ. ಎ ಮಾತ್ರ ಪಟ್ಟಿ ಕೊಡುವುದಿಲ್ಲ. ಹೊರತುಪಡಿಸಿದ್ದನ್ನು ಬಿಟ್ಟು ಎಲ್ಲ ಅಪಾಯವೂ ಒಳಗೆ ಎನ್ನುತ್ತದೆ. ವ್ಯಾಪಾರದವರು ಆಲ್ ರಿಸ್ಕ್ ಎಂದು ಕರೆಯುವುದು ಇದನ್ನೇ.

ಸಿ ಕೆಲಸಕ್ಕೆ ಬಾರದ್ದು ಎಂದು ಯಾರೂ ತಿಳಿಯಬಾರದು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಹತ್ತಿರ 640 ಕಂಟೇನರುಗಳೊಡನೆ ಮುಳುಗಿತು. ಅದರಲ್ಲಿ ಗೇರುಬೀಜದ ಕಂಟೇನರುಗಳೂ ಇದ್ದವು. ಅಂಥ ನಷ್ಟಕ್ಕೆ ಸಿ ಷರತ್ತಿನ ಪಾಲಿಸಿಯೂ ಅನ್ವಯಿಸುತ್ತದೆ, ಹಡಗು ಮುಳುಗುವುದು ಅದರ ಪಟ್ಟಿಯಲ್ಲೇ ಇದೆ. ಆದರೆ ಹಡಗು ಮುಳುಗುವುದು ಅಪರೂಪ. ಚೀಲ ಒದ್ದೆಯಾಗುವುದು, ಹರಿಯುವುದು, ಕಳುವಾಗುವುದು ನಿತ್ಯದ ಮಾತು. ಬೀಜ ತರಿಸುವವನನ್ನು ವರ್ಷ ವರ್ಷ ಕಾಡುವ ನಷ್ಟಗಳಲ್ಲಿ ಹೆಚ್ಚಿನವು ಸಿ ಪಟ್ಟಿಯ ಹೊರಗೇ ಉಳಿಯುತ್ತವೆ.

ಇದಕ್ಕಿಂತ ಆಳದ ವ್ಯತ್ಯಾಸವೊಂದನ್ನು ನನಗೆ ತಿಳಿಸಿಕೊಟ್ಟವರು ವಿಮಾ ಕಂಪನಿಯ ಕ್ಲೈಮ್ ವಿಭಾಗದ ಹಿರಿಯರೊಬ್ಬರು. ಸಿ ಅಥವಾ ಬಿ ಇದ್ದರೆ, ಪಟ್ಟಿಯಲ್ಲಿರುವ ಇಂಥದೇ ಅವಘಡದಿಂದ ನಷ್ಟವಾಯಿತು ಎಂದು ಸರಕಿನವನು ಸಾಬೀತು ಮಾಡಬೇಕು. ಎ ಇದ್ದರೆ, ಸರಕು ಚೆನ್ನಾಗಿ ಹೊರಟು ಕೆಟ್ಟು ತಲುಪಿತು, ಅದು ಆಕಸ್ಮಿಕದಿಂದ ಆದದ್ದು ಎಂದು ತೋರಿಸಿದರೆ ಸಾಕು. ಆಕಸ್ಮಿಕ ಯಾವ ಬಂದರಿನಲ್ಲಿ, ಯಾವ ಗಳಿಗೆಯಲ್ಲಿ ಎಂದು ಹೇಳಬೇಕಾಗಿಲ್ಲ. ಇದು ಹೊರತುಪಡಿಸಿದ ಕಾರಣದಿಂದಲೇ ಆದದ್ದು ಎಂದು ತೋರಿಸುವ ಹೊರೆ ಆಗ ಕಂಪನಿಯದ್ದು. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಿಂದ ಇಂಗ್ಲೆಂಡಿಗೆ ಹೊರಟ ಉಣ್ಣೆ ದಾರಿಯಲ್ಲಿ ಒದ್ದೆಯಾದ ಪ್ರಕರಣವೊಂದರಲ್ಲಿ 1921ರಷ್ಟು ಹಿಂದೆಯೇ ಹೌಸ್ ಆಫ್ ಲಾರ್ಡ್ಸ್ ಹೀಗೆ ತೀರ್ಮಾನಿಸಿದೆ. ಆಫ್ರಿಕಾದ ಯಾರ್ಡಿನಲ್ಲೋ ಕೊಲಂಬೊದಲ್ಲೋ ನಡುರಾತ್ರಿ ತಗಡು ಸೀಳಿದ್ದನ್ನು ಬೈಕಂಪಾಡಿಯಲ್ಲಿ ಕೂತ ನಾವು ಎಲ್ಲಿಂದ ಸಾಬೀತು ಮಾಡುವುದು? ಎ ಷರತ್ತಿಗೆ ಹೆಚ್ಚಿಗೆ ಕೊಡುವ ಪ್ರೀಮಿಯಂನಿಂದ ನಾವು ಮುಖ್ಯವಾಗಿ ಕೊಳ್ಳುವುದು ಈ ಹೊರೆಯಿಂದ ಬಿಡುಗಡೆಯನ್ನು ಎಂದು ನನ್ನ ಅಭಿಪ್ರಾಯ.

ಎಲ್ಲ ಅಪಾಯ ಎಂದರೂ ಎಲ್ಲ ನಷ್ಟವೂ ಅಲ್ಲ. ಸರಕಿನ ಸ್ವಭಾವದಿಂದಲೇ ಹುಟ್ಟುವ ಕೇಡು, ಸಾಮಾನ್ಯವಾಗಿ ಆಗುವ ತೂಕದ ಇಳಿತ, ಸಾಲದ ಪ್ಯಾಕಿಂಗ್, ತಡವಾದದ್ದರಿಂದ ಆದ ನಷ್ಟ ಎ ಷರತ್ತಿನಲ್ಲೂ ಹೊರಗೆ. ಯುದ್ಧ ಮತ್ತು ಮುಷ್ಕರಗಳಿಗೆ ಬೇರೆ ಷರತ್ತುಗಳನ್ನು ಕೇಳಿ ಸೇರಿಸಿಕೊಳ್ಳಬೇಕು. ಕೊಟೊನೊದ ಸರಕಿಗೆ ಇದ್ದದ್ದು ಎ ಷರತ್ತಿನ ಪಾಲಿಸಿ, ಆ ಕಡತದಲ್ಲಿ ಕಂಪನಿ ಎತ್ತಿದ ಆಕ್ಷೇಪವೂ ಇದೇ ಸಾಲಿನದು. ಬೀಜವನ್ನು ಹಸಿಯಾಗಿಯೇ ತುಂಬಿರಬಹುದು, ಇದು ಸರಕಿನ ಒಳದೋಷ ಇರಬಹುದು ಎಂದು ಬರೆದರು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಬಳಿ ಉತ್ತರ ಮೂರಿತ್ತು. ಲೋಡಿಂಗ್ ಆಗುವಾಗ ಸ್ವತಂತ್ರ ತಪಾಸಣೆಯವರು ಕೊಟ್ಟ ಸರ್ಟಿಫಿಕೇಟಿನಲ್ಲಿ ತೇವಾಂಶ ಶೇ. 8.5 ಎಂದಿತ್ತು, ಈ ವ್ಯಾಪಾರದಲ್ಲಿ ಶೇ. 10ರ ಒಳಗಿದ್ದರೆ ಒಪ್ಪುತ್ತಾರೆ. ಇಲ್ಲಿ ತೆರೆದಾಗ ಒಣ ತುದಿಯ ಚೀಲಗಳಲ್ಲಿ ಸರ್ವೇಯರ್ ಅಳೆದದ್ದು ಶೇ. 8.8. ಬೀಜವೇ ಹಸಿಯಾಗಿದ್ದರೆ ಆ ತುದಿಯೂ ಹಸಿಯಾಗಿರಬೇಕಿತ್ತು. ಮೂರನೆಯದು ಆ ನಕ್ಷೆ. ಆಕ್ಷೇಪವನ್ನು ಕಂಪನಿ ಕೈಬಿಟ್ಟಿತು.

ಇನ್ನು ಲೆಕ್ಕ. ಕಂಟೇನರಿನಲ್ಲಿ 200 ಚೀಲ, ವಿಮೆಯ ಮೊತ್ತ 16 ಲಕ್ಷ ರೂಪಾಯಿ. ಸರಕಿನ ಬೆಲೆ, ಹಡಗು ಬಾಡಿಗೆ, ವಿಮೆಯ ಖರ್ಚು ಕೂಡಿಸಿ ಅದರ ಮೇಲೆ ಶೇ. 10 ಸೇರಿಸಿ ಮೊತ್ತ ನಿಗದಿ ಮಾಡುವುದು ರೂಢಿ. ಹೀಗೆ ಚೀಲಕ್ಕೆ 8,000 ಬಿತ್ತು. ಹಾನಿಯಾದದ್ದು 46 ಚೀಲ. ಅದರಲ್ಲಿ 14 ಪೂರ್ತಿ ಕೊಳೆತು ಬೂಷ್ಟು ಹಿಡಿದಿದ್ದವು, ಉಳಿದ 32 ಬರೀ ನೆನೆದಿದ್ದವು. ಸರ್ವೇಯರ್ ಎದುರಲ್ಲೇ ಇವನ್ನು ಬೇರೆ ಬೇರೆ ಪೇರಿಸಿ, ಅವರ ಒಪ್ಪಿಗೆ ಪಡೆದು, ನೆನೆದದ್ದನ್ನು ಶೆಡ್ಡಿನೊಳಗೆ ಹರಡಿ ಫ್ಯಾನ್ ಹಾಕಿ ಒಣಗಿಸಿದೆವು. ನಷ್ಟ ಬೆಳೆಯದಂತೆ ತಡೆಯುವುದು ವಿಮೆ ಪಡೆದವನ ಕೆಲಸ, ಅದಕ್ಕೆ ಆಗುವ ತಕ್ಕ ಖರ್ಚು ಕಂಪನಿಯದ್ದು.

ಒಣಗಿದ ಬೀಜದ ಬೆಲೆ ಎಷ್ಟು ಕುಸಿಯಿತು ಎನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ. ಗೇರುಬೀಜದ ಬೆಲೆ ನಿಂತಿರುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋದ ಚೀಲದಿಂದ ಎಷ್ಟು ಪೌಂಡು ಒಳ್ಳೆಯ ತಿರುಳು ಸಿಗುತ್ತದೆ ಎಂಬುದರ ಮೇಲೆ. ಒಂದು ಕಿಲೋ ಮಾದರಿ ತೆಗೆದು ಪ್ರತಿ ಬೀಜವನ್ನೂ ಕತ್ತರಿಸಿ ತಿರುಳು ತೂಗುತ್ತಾರೆ. ಒಣ ತುದಿಯ ಚೀಲಗಳಲ್ಲಿ ಕಿಲೋಗೆ 272 ಗ್ರಾಂ ಸಿಕ್ಕಿತು, ಅದು 48 ಪೌಂಡಿನ ಔಟ್‌ಟರ್ನ್. ನೆನೆದು ಒಣಗಿಸಿದ ಬೀಜದಲ್ಲಿ 204 ಗ್ರಾಂ, ಅಂದರೆ 36 ಪೌಂಡು. ಕಾಲುಭಾಗ ಹೋಗಿತ್ತು. ಹಾಗಾಗಿ 32 ಚೀಲಗಳ 2,56,000 ರೂಪಾಯಿಗೆ ಶೇ. 25ರಂತೆ ನಷ್ಟ 64,000. ಕೊಳೆತ 14 ಚೀಲಗಳನ್ನು ಸಿಪ್ಪೆಯ ಎಣ್ಣೆ ತೆಗೆಯುವವರಿಗೆ ಕೊಟೇಶನ್ ಕರೆದು ಮಾರಿದಾಗ ಒಳ್ಳೆಯ ಬೀಜದ ಬೆಲೆಯ ಐದರಲ್ಲೊಂದು ಭಾಗ ಬಂತು. ಶೇ. 80 ನಷ್ಟ, 89,600. ಒಣಗಿಸಿದ ಖರ್ಚು 9,000. ಎಲ್ಲ ಸೇರಿ 1,62,600. ಇದರಲ್ಲಿ ಪಾಲಿಸಿಯ ಎಕ್ಸೆಸ್, ಒಟ್ಟು ಮೊತ್ತದ ಶೇ. 0.5, ಅಂದರೆ 8,000 ಕಳೆದು 1,54,600 ರೂಪಾಯಿ ನಮ್ಮ ಖಾತೆಗೆ ಬಂತು.

ಕ್ಲೈಮಿನ ಜೊತೆ ಕೊಟ್ಟ ಕಾಗದಗಳು ಪಾಲಿಸಿ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ತಪಾಸಣೆ ಸರ್ಟಿಫಿಕೇಟ್, ಸರ್ವೇ ವರದಿ, ಹಡಗಿನವರ ಜೊತೆಗಿನ ಪತ್ರವ್ಯವಹಾರ. ಇವುಗಳಲ್ಲಿ ಯಾವುದೂ ಆಮೇಲೆ ಹೊಸದಾಗಿ ಹುಟ್ಟಿಸುವಂಥದ್ದಲ್ಲ. ಒಂದು ಕಾಗದಕ್ಕಾಗಿ ಮಾತ್ರ ಜಗಳವೇ ಆಯಿತು. ಖಾಲಿ ಕಂಟೇನರನ್ನು ಬೇಗ ಕೊಡಿ, ಇಲ್ಲದಿದ್ದರೆ ದಿನದ ಬಾಡಿಗೆ ಬೀಳುತ್ತದೆ ಎಂದು ಏಜೆಂಟರ ಕಡೆಯವರು ಒತ್ತಾಯಿಸುತ್ತಿದ್ದರು. ಮರಳಿಸುವಾಗ ಯಾರ್ಡಿನ ಗೇಟಿನಲ್ಲಿ ಬರೆಯುವ ರಸೀದಿಯಲ್ಲಿ ಚಾವಣಿಯ ಸೀಳನ್ನು ನಮೂದಿಸಲು ಅವರು ಒಪ್ಪಲಿಲ್ಲ. ನಮ್ಮ ಲಾರಿ ಅಲ್ಲಿಂದ ಕದಲಲಿಲ್ಲ, ಕೊನೆಗೆ ಬರೆದುಕೊಟ್ಟರು. ಆ ಒಂದು ಸಾಲು ಇಲ್ಲದಿದ್ದರೆ ಹಡಗಿನವರ ಮಟ್ಟಿಗೆ ಆ ಕಂಟೇನರು ತೂತಿಲ್ಲದ ಕಂಟೇನರೇ.

ಅಬಿಜಾನಿನ ಕಂಟೇನರಿನ ಕಥೆ ಇಷ್ಟು ಉದ್ದವಿಲ್ಲ. ಅದನ್ನು ಬ್ರೋಕರ್ ಮೂಲಕ ಸಿಐಎಫ್ ದರದಲ್ಲಿ ಕೊಂಡದ್ದು, ಅಂದರೆ ಬಾಡಿಗೆ, ವಿಮೆ ಎರಡೂ ಮಾರಿದವನ ಜವಾಬ್ದಾರಿ. ಬಾಗಿಲಿನ ರಬ್ಬರ್ ಪಟ್ಟಿ ಹರಿದು ನೀರು ನುಗ್ಗಿತ್ತು. ಪಾಲಿಸಿಯನ್ನು ಅವನು ನಮ್ಮ ಹೆಸರಿಗೆ ಹಿಂಬರಹ ಮಾಡಿ ಕಳಿಸಿದ್ದ, ಅದರಲ್ಲಿ ಅವನ ಮೋಸವೇನೂ ಇರಲಿಲ್ಲ. ಪಾಲಿಸಿ ಸಿ ಷರತ್ತಿನದಾಗಿತ್ತು. ಸಿಐಎಫ್ ಕರಾರಿನಲ್ಲಿ ಬೇರೇನೂ ಬರೆಯದಿದ್ದರೆ ಮಾರುವವನು ಅತಿ ಕಿರಿದಾದ ವಿಮೆ ಮಾಡಿಸಿದರೆ ಸಾಕು ಎಂದು ಇನ್‌ಕೋಟರ್ಮ್ಸ್ ನಿಯಮವೇ ಹೇಳುತ್ತದೆ. 2020ರ ಪರಿಷ್ಕರಣೆಯಲ್ಲಿ ಸಿಐಪಿ ಕರಾರಿಗೆ ಎ ಷರತ್ತನ್ನು ಕಡ್ಡಾಯ ಮಾಡಿದರು, ಸಿಐಎಫ್‌ಗೆ ಸಿ ಷರತ್ತನ್ನೇ ಉಳಿಸಿದರು. ಹೀಗಾಗಿ ಅದೇ ಸರ್ವೇಯರ್ ಅಷ್ಟೇ ಶ್ರದ್ಧೆಯಿಂದ ಬರೆದ ವರದಿ, ಅಷ್ಟೇ ಸ್ಪಷ್ಟವಾದ ನಕ್ಷೆ ಇದ್ದರೂ ಕಂಪನಿ ಒಂದೇ ಸಾಲಿನಲ್ಲಿ ಉತ್ತರ ಬರೆಯಿತು. ಮಳೆನೀರು ಒಳನುಗ್ಗುವುದು ಹೆಸರಿಸಿದ ಅಪಾಯಗಳಲ್ಲಿ ಇಲ್ಲ. ದಣಿಗಳು ಆ ಪತ್ರವನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತರು. "ಅಲ್ಲ ಮಾರಾಯ್ರೆ, ಇನ್ಶೂರೆನ್ಸ್ ಇದ್ದೂ ಹೀಗಾ?" ಎಂದು ಕೇಳಿದರು. ಆ ವರ್ಷ ಬೀಜದ ಬೆಲೆ ಏರಿತ್ತು, ಬ್ಯಾಂಕಿನ ಸಾಲದ ಮೇಲೆ ತರಿಸಿದ ಸರಕು ಅದು. ಆ ನಷ್ಟದ ಬಿಸಿ ಅವರ ಮನೆಗೂ ತಟ್ಟಿತು, ಕೆಲಸದ ಹೆಂಗಸರ ಓವರ್‌ಟೈಮಿಗೂ ತಟ್ಟಿತು.

ಉಳಿದದ್ದು ಹಡಗಿನವರ ದಾರಿ ಮಾತ್ರ. ಮೂರು ದಿನದೊಳಗಿನ ಪತ್ರ ಇತ್ತು, ಹರಿದ ರಬ್ಬರಿನ ಫೋಟೊ ಇತ್ತು, ಕಂಟೇನರ್ ಅವರದ್ದೇ ಆಗಿತ್ತು. ಸಾಗಣೆಗೆ ಯೋಗ್ಯವಲ್ಲದ ಕಂಟೇನರ್ ಕೊಟ್ಟಿರಿ ಎಂಬುದು ನಮ್ಮ ವಾದ. ತುಂಬುವಾಗ ಮಾರುವವನೇ ನೋಡಿಕೊಳ್ಳಬೇಕಿತ್ತು, ತುಂಬಿದ್ದೂ ಎಣಿಸಿದ್ದೂ ಅವನೇ ಎಂಬುದು ಅವರ ವಾದ. ವರ್ಷದ ಗಡುವು ಹತ್ತಿರ ಬಂದಾಗ ವಕೀಲರ ಸಲಹೆಯಂತೆ ಗಡುವು ವಿಸ್ತರಿಸುವ ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು. ಬಾಯಿಮಾತಿನ ಒಪ್ಪಿಗೆ ಇಲ್ಲಿ ನಡೆಯುವುದಿಲ್ಲ. ಕೊನೆಗೆ ನಷ್ಟದ ಅರ್ಧಕ್ಕಿಂತ ಕಡಿಮೆ ಮೊತ್ತಕ್ಕೆ ರಾಜಿಯಾಯಿತು.

ಕಳೆದುಹೋದ ಸರಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಬೇರೊಂದು ಸಲ ಸೀಲು ಸರಿಯಾಗಿಯೇ ಇದ್ದ ಕಂಟೇನರಿನಲ್ಲಿ ಆರು ಚೀಲ ಕಡಿಮೆ ಬಂದವು. ಎ ಷರತ್ತಿನ ಪಾಲಿಸಿ ಇದ್ದರೂ ಕ್ಲೈಮ್ ನಿಲ್ಲಲಿಲ್ಲ. ಸೀಲು ಮುರಿಯದೆ ಚೀಲ ಮಾಯವಾಗುವುದಿಲ್ಲ, ತುಂಬುವಾಗಲೇ ಕಡಿಮೆ ತುಂಬಿರಬೇಕು ಎಂದರು. ದಾರಿಯಲ್ಲಿ ಕಳೆದದ್ದಕ್ಕೆ ವಿಮೆ ಇದೆ, ಹೊರಡದೇ ಇದ್ದದ್ದಕ್ಕೆ ಇಲ್ಲ. ಅದನ್ನು ಮಾರಿದವನಿಂದ ಕೇಳಿ ಪಡೆದೆವು. ಸೀಲಿನ ನಂಬರ್ ಬಿಲ್ ಆಫ್ ಲೇಡಿಂಗ್‌ಗೆ ಹೊಂದದೇ ಇದ್ದಿದ್ದರೆ ಮಾತು ಬೇರೆ, ಆಗ ದಾರಿಯಲ್ಲಿ ಯಾರೋ ತೆರೆದಿದ್ದಾರೆ ಎಂಬುದಕ್ಕೆ ಆ ನಂಬರೇ ಸಾಕ್ಷಿ.

ಆ ಮಳೆಗಾಲದ ನಂತರ ನಮ್ಮ ಕಚೇರಿಯಲ್ಲಿ ಎರಡು ಪದ್ಧತಿ ಬದಲಾದವು. ಬಂದ ಕಂಟೇನರನ್ನು ಗೋದಾಮಿನಲ್ಲಿ ಜಾಗವಿಲ್ಲವೆಂದು ಅಂಗಳದಲ್ಲೇ ತುಂಬಿದಂತೆ ನಿಲ್ಲಿಸಿಕೊಳ್ಳುವುದನ್ನು ಬಿಟ್ಟೆವು. ಕಂಟೇನರನ್ನೇ ದಾಸ್ತಾನಿನ ಜಾಗವಾಗಿ ಬಳಸಲು ಹೊರಟ ಗಳಿಗೆಗೆ 2009ರ ಷರತ್ತುಗಳಲ್ಲಿ ವಿಮೆ ಮುಗಿಯುತ್ತದೆ. ಅಂತಿಮ ಬಂದರಿನಲ್ಲಿ ಇಳಿದ ಮೇಲೆ ಅರವತ್ತು ದಿನ ಇದೆ ಎಂದು ನೆಚ್ಚಿಕೊಂಡು ಕೂರುವಂತಿಲ್ಲ, ಯಾವುದು ಮೊದಲೋ ಅದೇ ಕೊನೆ. ಇನ್ನೊಂದು ಬದಲಾವಣೆ ಕರಾರಿನಲ್ಲಿ. ಬೀಜವನ್ನು ಸಾಧ್ಯವಾದಷ್ಟೂ ವಿಮೆ ಸೇರದ ಸಿ ಅಂಡ್ ಎಫ್ ದರದಲ್ಲೇ ಕೊಂಡು ವಿಮೆಯನ್ನು ಮಂಗಳೂರಿನಲ್ಲಿ ನಾವೇ ಮಾಡಿಸತೊಡಗಿದೆವು. ಮಾರುವವನು ಸಿಐಎಫ್ ಎಂದೇ ಹಟ ಹಿಡಿದರೆ ಕರಾರಿನ ವಿಮೆಯ ಕಾಲಮ್ಮಿನಲ್ಲಿ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎ, ಯುದ್ಧ ಮತ್ತು ಮುಷ್ಕರದ ಷರತ್ತು ಸಹಿತ, ಗೋದಾಮಿನಿಂದ ಗೋದಾಮಿಗೆ ಎಂದು ಬರೆಸದೆ ದಣಿಗಳು ಸಹಿ ಹಾಕುತ್ತಿರಲಿಲ್ಲ. ಬ್ರೋಕರ್ ಫೋನಿನಲ್ಲಿ ಅವಸರ ಮಾಡಿದರೂ ಆ ಕಾಲಮ್ಮನ್ನು ಎರಡು ಸಲ ಓದಿಸಿಯೇ ಪೆನ್ನು ಎತ್ತುತ್ತಿದ್ದರು.